ಅಪರಿಚಿತರಿಗೆ ಒಂದು ಕರೆಗೆ ಫೋನ್ ಕೊಡುವಾಗ

ಕೇಳುಗರಿಗೆ ನಮಸ್ಕಾರ.

ಗದಗಿನ ಬಸ್ ನಿಲ್ದಾಣ, ಸಂಜೆ ಹೊತ್ತು. ನೀವು ರೋಣದ ಬಸ್ಸಿಗೆ ಕಾಯುತ್ತಿದ್ದೀರಿ. ಒಬ್ಬ ಹುಡುಗ ಬಂದು, "ಅಕ್ಕಾರ, ನನ್ನ ಫೋನ್ ಸ್ವಿಚ್ ಆಫ್ ಆಗೇತಿ. ನಮ್ಮಣ್ಣಗ ಒಂದು ಫೋನ್ ಮಾಡ್ಕೋತೀನ್ರಿ" ಅಂತಾನೆ. ನಮ್ಮ ಕಡೆ ಇಲ್ಲ ಅನ್ನುವುದು ಕಷ್ಟ, ಅನ್ನಲೂಬಾರದು. ಆದರೆ ಆ ಫೋನಿನಲ್ಲಿ ನಿಮ್ಮ ಹಣದ ಆ್ಯಪ್ ಇದೆ, ಒಟಿಪಿ ಬರುವ ಮೆಸೇಜ್ ಇದೆ, ಮಕ್ಕಳ ಫೋಟೊ ಇದೆ. ಫೋನ್ ಕೊಡಬೇಕು, ಇವನ್ನೆಲ್ಲ ಕೊಡಬಾರದು. ಅದಕ್ಕೊಂದು ದಾರಿ ನಿಮ್ಮ ಫೋನಿನಲ್ಲೇ ಇದೆ.

ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಪಿನ್ನಿಂಗ್ ಅಂತ ಒಂದು ಸೌಲಭ್ಯವಿದೆ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದಲೂ ಇದೆ. ಒಂದು ಆ್ಯಪನ್ನು ಪರದೆಗೆ ಅಂಟಿಸಿಬಿಟ್ಟರೆ, ಬಿಡಿಸುವವರೆಗೂ ಬೇರೆ ಕಡೆ ಹೋಗಲು ಬರುವುದಿಲ್ಲ. ಸೆಟ್ಟಿಂಗ್ಸ್ ತೆರೆದು, ಮೇಲಿನ ಹುಡುಕುವ ಜಾಗದಲ್ಲಿ 'ಪಿನ್' ಅಂತ ಇಂಗ್ಲಿಷಿನಲ್ಲಿ ಬರೆದರೆ ಸಿಗುತ್ತದೆ. ಸಾಮಾನ್ಯವಾಗಿ ಸೆಕ್ಯುರಿಟಿ ವಿಭಾಗದಲ್ಲಿರುತ್ತದೆ. ಅದನ್ನು ಆನ್ ಮಾಡಿ. ಅಲ್ಲೇ ಕೆಳಗೆ ಇನ್ನೊಂದು ಗುಂಡಿ ಇರುತ್ತದೆ: ಪಿನ್ ಬಿಡಿಸುವ ಮುಂಚೆ ಲಾಕ್ ನಂಬರ್ ಕೇಳಬೇಕೇ ಅಂತ. ಅದನ್ನೂ ಆನ್ ಮಾಡಲೇಬೇಕು. ಇಲ್ಲದಿದ್ದರೆ ಕೆಳಗಿನಿಂದ ಮೇಲಕ್ಕೆ ಎಳೆದು ಸ್ವಲ್ಪ ಹಿಡಿದರೆ ಸಾಕು, ಯಾರು ಬೇಕಾದರೂ ಬಿಡಿಸಬಹುದು. ಹಾಗಾದರೆ ಅಂಟಿಸಿ ಏನು ಬಂತು?

ಇಷ್ಟನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಿ. ನಿಲ್ದಾಣದಲ್ಲಿ ಮಾಡುವುದು ಸ್ವಲ್ಪವೇ. ಫೋನ್ ಆ್ಯಪ್ ತೆರೆಯಿರಿ. ಇತ್ತೀಚಿನ ಆ್ಯಪ್‌ಗಳು ಸಾಲಾಗಿ ಕಾಣುವ ಪರದೆಗೆ ಹೋಗಿ, ಫೋನ್ ಆ್ಯಪಿನ ಮೇಲಿರುವ ಚಿಕ್ಕ ಚಿತ್ರ ಒತ್ತಿ, ಪಿನ್ ಆರಿಸಿ. ಒಂದು ಮಾತು: ಕೆಲವು ಫೋನ್‌ಗಳಲ್ಲಿ ಕರೆಯ ಪರದೆ ಬೇರೆಯೇ ತೆರೆದುಕೊಳ್ಳುತ್ತದೆ, ಪಿನ್ ಮಾಡಿದಾಗ ಅದಕ್ಕೆ ತಡೆಯಾಗಬಹುದು. ಹಾಗಾಗಿ ಮನೆಯವರ ನಂಬರಿಗೆ ಒಮ್ಮೆ ಹಚ್ಚಿ ನೋಡಿ. ಕರೆ ಹೋಗದಿದ್ದರೆ ಫೋನ್ ನಿಮ್ಮ ಕೈಯಲ್ಲೇ ಇರಲಿ, ಸ್ಪೀಕರ್ ಹಾಕಿ ಮಾತಾಡಿಸಿ.

ಗೆಸ್ಟ್ ಮೋಡ್ ಇದೆಯಲ್ಲ ಅಂತ ಕೆಲವರು ಕೇಳಬಹುದು. ಇದೆ, ಆದರೆ ಎಲ್ಲ ಫೋನಿನಲ್ಲೂ ಇಲ್ಲ. ಅದರಲ್ಲಿ ನಿಮ್ಮ ಆ್ಯಪ್, ಫೋಟೊ ಯಾವುದೂ ಕಾಣುವುದಿಲ್ಲ. ಆದರೆ ಗೆಸ್ಟ್ ಕರೆ ಮಾಡಲು ಅನುಮತಿ ಮೊದಲಿಗೆ ಬಂದ್ ಇರುತ್ತದೆ, ನೀವು ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು. ಯಾರಾದರೂ ಅರ್ಧ ತಾಸು ಫೋನ್ ಹಿಡಿದು ಕೂರುವುದಿದ್ದರೆ ಅದು ಒಳ್ಳೆಯದು. ನಿಲ್ದಾಣದಲ್ಲಿ ಒಂದು ಕರೆಗೆ ನನ್ನ ಮತ ಪಿನ್ನಿಗೇ. ಐಫೋನಿನಲ್ಲಿ ಇದೇ ಕೆಲಸಕ್ಕೆ ಗೈಡೆಡ್ ಆಕ್ಸೆಸ್ ಇದೆ, ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಸಿಗುತ್ತದೆ.

ಪಿನ್ ಏನು ತಡೆಯುವುದಿಲ್ಲ ಅನ್ನುವುದೂ ತಿಳಿದಿರಬೇಕು. ಫೋನ್ ಆ್ಯಪಿನೊಳಗಿನ ಹೆಸರು, ನಂಬರ್, ನೀವು ಯಾರಿಗೆ ಕರೆ ಮಾಡಿದ್ದೀರಿ ಅನ್ನುವ ಪಟ್ಟಿ, ಇದೆಲ್ಲ ಅವನಿಗೆ ಕಾಣುತ್ತದೆ. ಇನ್ನೂ ದೊಡ್ಡದು ಡಯಲ್ ಮಾಡುವ ಪರದೆ. ಮೋಸಗಾರರು ಮಾಡುತ್ತಿದ್ದುದು ಇದನ್ನೇ: ಸ್ಟಾರ್, ಎರಡು, ಒಂದು, ಸ್ಟಾರ್, ಮುಂದೆ ತಮ್ಮ ನಂಬರ್, ಕೊನೆಗೆ ಹ್ಯಾಶ್ ಒತ್ತುವುದು. ಅಷ್ಟಕ್ಕೇ ನಿಮ್ಮ ಕರೆಗಳು ಅವರ ಫೋನಿಗೆ ತಿರುಗುತ್ತವೆ. ಕರೆಯಲ್ಲಿ ಹೇಳುವ ಒಟಿಪಿಯೂ ಅವರಿಗೇ ಹೋಗುತ್ತದೆ. ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಬೇಕೆಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತು. ಆದರೂ ನಂಬರ್ ಒತ್ತುವ ಕೆಲಸ ನಿಮ್ಮ ಬೆರಳಿನದೇ ಆಗಿರಲಿ.

ಈಗ ಆ ಹುಡುಗನ ಹತ್ತಿರ ಬರೋಣ. "ನಂಬರ್ ಹೇಳಪ್ಪಾ, ನಾನ ಹಚ್ಚಿ ಕೊಡ್ತೀನಿ" ಅನ್ನಿ. ಮೊಬೈಲ್ ನಂಬರ್ ಅಂದರೆ ಹತ್ತು ಅಂಕಿ, ಆರು, ಏಳು, ಎಂಟು ಅಥವಾ ಒಂಬತ್ತರಿಂದ ಶುರುವಾಗುತ್ತದೆ. ಮಧ್ಯೆ ಸ್ಟಾರ್ ಬಂತು, ಹ್ಯಾಶ್ ಬಂತು ಅಂದರೆ ಅಲ್ಲಿಗೇ ನಿಲ್ಲಿಸಿ. ರಿಂಗ್ ಆಗಲು ಶುರುವಾದ ಮೇಲೆ ಫೋನ್ ಕೊಡಿ, ಪಕ್ಕದಲ್ಲೇ ನಿಂತಿರಿ. ನಿಜಕ್ಕೂ ತೊಂದರೆಯಲ್ಲಿರುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಗೊತ್ತಿಲ್ಲದ ನಂಬರ್ ಅಂತ ಅಣ್ಣ ಎತ್ತದೇ ಇರಬಹುದು. ಆಗ ವಾಟ್ಸಾಪ್ ತೆಗೆದುಕೊಡಿ ಅಂತ ಕೇಳಿದರೆ ಬೇಡ. ಏನು ಹೇಳಬೇಕೋ ಕೇಳಿಕೊಂಡು ನೀವೇ ಒಂದು ಮೆಸೇಜ್ ಬರೆದು ಕಳಿಸಿ: "ನಿಮ್ಮ ತಮ್ಮ ಗದಗ ಬಸ್ ನಿಲ್ದಾಣದಾಗ ಇದ್ದಾನ, ಅವನ ಫೋನ್ ಬಂದ್ ಐತಿ."

ಫೋನ್ ವಾಪಸ್ ಬಂದ ಮೇಲೆ ಪಿನ್ ಬಿಡಿಸಿ, ಕರೆಗಳ ಪಟ್ಟಿ ನೋಡಿ. ನೀವು ಹಚ್ಚಿದ ನಂಬರ್ ಬಿಟ್ಟು ಬೇರೆ ಏನಾದರೂ ಇದ್ದರೆ, ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ನೋಡಿ. ಗುರುತಿಲ್ಲದ ನಂಬರ್ ಅಲ್ಲಿ ಕೂತಿದ್ದರೆ ಅದನ್ನು ತೆಗೆದುಹಾಕಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಲ್ಲ ಸರಿ ಇದ್ದರೆ, ಬಸ್ ಬರುವವರೆಗೆ ಆ ಹುಡುಗನನ್ನು ಹತ್ತಿರದಲ್ಲೇ ಇರಲು ಹೇಳಿ. ಅವನ ಅಣ್ಣ ತಿರುಗಿ ಕರೆ ಮಾಡಿದರೆ ಅದು ಬರುವುದು ನಿಮ್ಮ ಫೋನಿಗೇ.

ನಮಸ್ಕಾರ.