ಬಿಲ್ಲಿಗಿಂತ ಮೊದಲು ಬಾಯಿ

ಕೇಳುಗರಿಗೆ ನಮಸ್ಕಾರ. ನಾನು ಬದಿಯಡ್ಕದ ಹತ್ತಿರ ಬಾಳೆಕಾಯಿ ಚಿಪ್ಸ್ ಕರಿದು ಮಂಗಳೂರು, ಪುತ್ತೂರಿನ ಅಂಗಡಿಗಳಿಗೆ ಹಾಕುವವನು. 26 ವರ್ಷ ಆಯ್ತು. ಮನೆಯಲ್ಲಿ ಹಪ್ಪಳ, ಚಕ್ಕುಲಿ, ಉಪ್ಪಿನಕಾಯಿ ಮಾಡಿ ಅಂಗಡಿಗೆ ಕೊಡುವ ಅಕ್ಕಂದಿರು, ಅಣ್ಣಂದಿರು ಕೇಳುತ್ತಿದ್ದೀರಿ ಎಂದೇ ಮಾತಾಡುತ್ತೇನೆ. ರೇಟು ಏರಿಸುವಾಗ ಗಿರಾಕಿಗೆ ಹೇಗೆ ಹೇಳುವುದು? ನನಗೆ ಗೊತ್ತಿರುವುದು ಒಂದೇ ಮಾತು. ಹೊಸ ರೇಟನ್ನು ಗಿರಾಕಿ ಬಿಲ್ಲಿನಲ್ಲಿ ಓದಬಾರದು. ನಿಮ್ಮ ಬಾಯಿಂದ ಕೇಳಬೇಕು. ಅದೂ ಮಾಲು ಹೋಗುವ ಮೊದಲು.

ಇದನ್ನು ಕಲಿತದ್ದು ಪೆಟ್ಟು ತಿಂದು. ಮಂಗಳೂರಿನ ಒಂದು ಅಂಗಡಿಗೆ ಪ್ರತಿ ಶನಿವಾರ 40 ಕಿಲೋ ಚಿಪ್ಸ್ ಕಳಿಸುತ್ತಿದ್ದೆ. ಒಮ್ಮೆ ಬಾಳೆಕಾಯಿಗೆ ರೇಟು ಏರಿತು. ನಾನೂ ಕಿಲೋಗೆ 20 ರೂಪಾಯಿ ಏರಿಸಿದೆ. ಹೇಳಲು ನಾಲಗೆ ಏಳಲಿಲ್ಲ. ಸುಮ್ನೆ ಬಿಲ್ಲಿನಲ್ಲಿ ಬರೆದು ಜೀಪಿನ ಹುಡುಗನ ಕೈಯಲ್ಲಿ ಕಳಿಸಿದೆ. ಪೂರ್ತಿ ಹಣ ಬಂತು, ಒಂದು ಮಾತೂ ಇಲ್ಲ. ಗೆದ್ದೆ ಅಂದುಕೊಂಡೆ. ಮುಂದಿನ ಶನಿವಾರ ಆರ್ಡರ್ 15 ಕಿಲೋಗೆ ಇಳಿಯಿತು. ಅದರ ಮುಂದಿನ ವಾರ ಫೋನೇ ಇಲ್ಲ.

ಬಸ್ಸು ಹತ್ತಿ ಹೋದೆ. ನನ್ನ ಡಬ್ಬ ಇರುತ್ತಿದ್ದ ಜಾಗದಲ್ಲಿ ಬೇರೆಯವರ ಡಬ್ಬ. ಯಜಮಾನರು ಬೈಯಲಿಲ್ಲ, ಚಾ ತರಿಸಿದರು. ಅದೇ ಜಾಸ್ತಿ ನಾಚಿಕೆ. ಆಮೇಲೆ ಹೇಳಿದರು: "20 ರೂಪಾಯಿ ದೊಡ್ಡದಲ್ಲ ಮಾರಾಯ್ರೇ. ಆ ವಾರ ಒಂದು ಮದುವೆಗೆ 30 ಕಿಲೋ ಹಳೇ ರೇಟಿಗೆ ಒಪ್ಪಿಕೊಂಡಿದ್ದೆ. ಅವರ ಹತ್ತಿರ ಪುನಃ ಹೋಗಿ ಕೇಳಲಿಕ್ಕೆ ಆಗ್ತದಾ? 600 ರೂಪಾಯಿ ನನ್ನ ಕೈಯಿಂದ ಹೋಯ್ತು. ನೀವು ಒಂದು ಫೋನ್ ಮಾಡಿದ್ದರೆ ಸಾಕಿತ್ತು." ನಾನು ನನ್ನ ಬಾಳೆಕಾಯಿ ಲೆಕ್ಕ ಮಾತ್ರ ಹಾಕಿದ್ದೆ. ಅವರೂ ಯಾರಿಗೋ ಮಾತು ಕೊಟ್ಟಿರುತ್ತಾರೆ ಎಂಬುದು ತಲೆಗೇ ಬಂದಿರಲಿಲ್ಲ. ಆ 40 ಕಿಲೋ ಪುನಃ ಸಿಗಲು ಎರಡು ವರ್ಷ ಹಿಡಿಯಿತು.

2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿತಲ್ಲ, ಆಗ ಹಾಗೆ ಮಾಡಲಿಲ್ಲ. ವರ್ಷದ ಹಿಂದೆ ಅದು ಹೆಚ್ಚುಕಡಿಮೆ ಅರ್ಧ ಇತ್ತು. ಮೊದಲು ಕೂತು ಲೆಕ್ಕ ಹಾಕಿದೆ. ಒಂದು ಕಿಲೋ ಚಿಪ್ಸ್ ಸುಮಾರು 300 ಮಿಲಿಲೀಟರ್ ಎಣ್ಣೆ ಕುಡಿಯುತ್ತದೆ. ಲೀಟರ್ ಎಣ್ಣೆಗೆ 200 ರೂಪಾಯಿ ಏರಿದರೆ ಚಿಪ್ಸ್‌ಗೆ 60 ಬಿತ್ತು. ಅಷ್ಟೇ. "ಎಣ್ಣೆ ಡಬಲ್ ಆಯ್ತು" ಎಂದು ಹೇಳಿ ಚಿಪ್ಸ್‌ಗೆ 100 ಏರಿಸಿದರೆ ಗಿರಾಕಿಗೆ ಗೊತ್ತಾಗುವುದಿಲ್ಲವಾ? ಅವರೂ ಎಣ್ಣೆ ಮಾರುವವರೇ! "ಎಲ್ಲಾ ಖರ್ಚೂ ಏರಿದೆ" ಎನ್ನುವ ರಾಗವಂತೂ ಬೇಡವೇ ಬೇಡ. ಅವರು ತಾವೇ ನೋಡಿ ತಿಳಿಯಬಹುದಾದ ಒಂದು ಕಾರಣ ಸಾಕು.

ಹದಿನೈದು ದಿನ ಮೊದಲೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. "ಯಜಮಾನ್ರೇ, ಒಂದನೇ ತಾರೀಕಿನಿಂದ ಕಿಲೋಗೆ 60 ರೂಪಾಯಿ ಜಾಸ್ತಿ ಆಗ್ತದೆ. ಎಣ್ಣೆ ಏರಿದ್ದು ಮಾತ್ರ ಸೇರಿಸಿದ್ದೇನೆ, ಕೂಲಿ, ಬಾಳೆಕಾಯಿ ಹಳೆಯದೇ. ಈಗಾಗಲೇ ಒಪ್ಪಿಕೊಂಡ ಆರ್ಡರ್ ಇದ್ದರೆ ಹೇಳಿ, ಅದನ್ನು ಹಳೇ ರೇಟಿಗೇ ಕೊಡ್ತೇನೆ." ಇಷ್ಟು ಹೇಳಿ ಸುಮ್ಮನಿರಬೇಕು. ಅವರು "ಅಯ್ಯೋ" ಅಂತಾರೆ. ಅನ್ನಲಿ. ನೀವು ಹೆದರಿ "ಆಯ್ತು, 50 ಮಾಡುವ" ಅಂದಿರೋ, ಆ 10 ರೂಪಾಯಿ ಮೊದಲೇ ಸುಳ್ಳು ಎಂದಾಯಿತು. ತೀರಾ ಕಷ್ಟವಾದರೆ ಸಣ್ಣ ಪ್ಯಾಕೆಟ್ ಕಳಿಸಲಾ ಎಂದು ಕೇಳಿ. ಹೇಳದೆ 250 ಗ್ರಾಮಿನ ಪ್ಯಾಕೆಟ್ಟಿಗೆ 200 ತುಂಬಿಸಬೇಡಿ. ಅದು ಬಿಲ್ಲಿನಲ್ಲಿ ಬರೆಯುವುದಕ್ಕಿಂತಲೂ ಕೆಟ್ಟದು.

ಇನ್ನೂ ಹೇಳಲಿಕ್ಕಿತ್ತು. ಆದರೆ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಪ್ಯಾಕೆಟ್ ಮಾಡಿಟ್ಟ ಹಳೇ ಮಾಲಿನ ಎಮ್‌ಆರ್‌ಪಿ ಮೇಲೆ ಜಾಸ್ತಿ ಬೆಲೆಯ ಸ್ಟಿಕ್ಕರ್ ಅಂಟಿಸುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಅದು ಹಳೇ ರೇಟಿಗೇ ಹೋಗಲಿ. ಎಷ್ಟು ಉಳಿದಿದೆ ಎಂದು ಎಣಿಸಿ, ಅದು ಮುಗಿಯುವ ದಿನ ನೋಡಿ ಹೊಸ ರೇಟಿನ ತಾರೀಕು ಇಡಿ. ಫೋನ್ ಮಾಡಿದ ಮೇಲೆ ಅದೇ ಮಾತನ್ನು ವಾಟ್ಸಾಪ್‌ನಲ್ಲೂ ಎರಡು ಸಾಲು ಹಾಕಿ. ಯಜಮಾನರಿಗೆ ಹೇಳಿದ್ದು ಗಲ್ಲೆಯಲ್ಲಿ ಕೂರುವ ಮಗನಿಗೆ ಗೊತ್ತಿರುವುದಿಲ್ಲ. ಮತ್ತೆ, ಎಣ್ಣೆ ಇಳಿದರೆ ಅವರು ಕೇಳುವ ತನಕ ಕಾಯಬೇಡಿ. ಆಗಲೂ ಮೊದಲ ಫೋನ್ ನಿಮ್ಮದೇ ಇರಲಿ, ಬಿಲ್ಲಿಗಿಂತ ಮೊದಲು.

ಆಯ್ತು ಆಯ್ತು, ಮುಗಿಸಿದೆ. ನಮಸ್ಕಾರ.