ಕಪ್ಪು ಫ್ರೇಮಿನೊಳಗೂ ಚಿತ್ರವಿದೆ

ಕೇಳುಗರೆಲ್ಲರಿಗೂ ನಮಸ್ಕಾರ. ಬೀರುವಿನ ಮೂಲೆಯಲ್ಲಿ ಹಳೆಯ 8 ಎಂಎಂ ಸಿನಿಮಾ ರೀಲುಗಳ ಡಬ್ಬಿ ಇಟ್ಟುಕೊಂಡಿರುವವರಿಗಾಗಿ ಈ ಮಾತು. ಆ ರೀಲನ್ನು ಮೋಟಾರಿನಿಂದ ಎಳೆಯುತ್ತಾ, ಹಿಂದೆ ದೀಪವಿಟ್ಟು, ಕ್ಯಾಮೆರಾದಿಂದ ಒಂದೊಂದೇ ಫ್ರೇಮಿನಂತೆ ಫೋಟೋ ತೆಗೆದು ಕಂಪ್ಯೂಟರಿಗೆ ಇಳಿಸಬಹುದು. ಅದರಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಕಪ್ಪಾಗಿ ಕಾಣುವ ಫ್ರೇಮಿಗೆ ಒಂದಲ್ಲ, ಮೂರು ಫೋಟೋ ತೆಗೆಯಿರಿ. ಫಿಲ್ಮ್ ಅಲುಗಾಡಬಾರದು, ಬೆಳಕು ಬದಲಾಗಬಾರದು, ಲೆನ್ಸ್ ಮುಟ್ಟಬಾರದು. ಶಟರಿನ ಸಮಯವನ್ನಷ್ಟೇ ಬದಲಿಸಿ.

ಯಾಕೆ ಅಂತ ಹೇಳ್ತೀನಿ. ಮನೆಯಲ್ಲಿ ತೆಗೆದ ಫಿಲ್ಮುಗಳು ಹೆಚ್ಚಾಗಿ ರಿವರ್ಸಲ್ ಜಾತಿಯವು. ಕ್ಯಾಮೆರಾದೊಳಗೆ ಓಡಿದ ಫಿಲ್ಮನ್ನೇ ತೊಳೆದು ಪ್ರೊಜೆಕ್ಟರಿಗೆ ಹಾಕುತ್ತಿದ್ದರು. ತೆಗೆಯುವಾಗ ಬೆಳಕು ಸಾಲದಿದ್ದರೆ ಆ ಭಾಗ ಗಟ್ಟಿ ಕಪ್ಪಾಗಿ ಉಳಿಯುತ್ತದೆ. ಅಂಥ ಜಾಗದಲ್ಲಿ ದೀಪದ ಬೆಳಕಿನ ಸಾವಿರದಲ್ಲೊಂದು ಪಾಲು ಮಾತ್ರ ದಾಟಿ ಬರುತ್ತದೆ. ಆದರೆ ಬರುತ್ತದೆ! ಅಷ್ಟನ್ನು ಹಿಡಿಯಲು ಕ್ಯಾಮೆರಾಗೆ ಸಮಯ ಬೇಕು, ಅಷ್ಟೇ.

ಒಮ್ಮೆ ನನ್ನ ಕೈಗೆ ಒಂದು ಸೂಪರ್ 8 ರೀಲು ಬಂತು. 50 ಅಡಿ ಉದ್ದ, ಸುಮಾರು 3600 ಫ್ರೇಮು. ಕೊಟ್ಟವರು, "ಕೊನೆಯ ಭಾಗ ಬರೀ ಕಪ್ಪು, ಅದನ್ನು ಬಿಟ್ಟುಬಿಡಿ" ಅಂದರು. ನೋಡಿದೆ. ಬಿಳಿ ಕಿಟಕಿ, ಅದರ ಮುಂದೆ ಕಪ್ಪು ಆಕಾರ. ಕಿಟಕಿಗೆ ಸರಿಹೋಗುವಂತೆ ಸೆಕೆಂಡಿನ 250ರಲ್ಲಿ ಒಂದು ಭಾಗ ಶಟರ್ ಇಟ್ಟು ತೆಗೆದೆ. ಪರದೆಯ ಮಡಿಕೆಯೂ ಕಂಡಿತು. ಆಕಾರ ಮಾತ್ರ ಹಾಗೇ ಕಪ್ಪು. ಕಂಪ್ಯೂಟರಿನಲ್ಲಿ ಎಳೆದು ಬೆಳಗಿಸಿದರೆ ಬಣ್ಣಬಣ್ಣದ ಚುಕ್ಕೆಗಳೇ ಬಂದವು. ಆಗ ಅದೇ ಫ್ರೇಮಿಗೆ ಇನ್ನೆರಡು ಫೋಟೋ ತೆಗೆದೆ: ಒಂದಕ್ಕೆ ಸೆಕೆಂಡಿನ 60ರಲ್ಲಿ ಒಂದು ಭಾಗ, ಇನ್ನೊಂದಕ್ಕೆ 15ರಲ್ಲಿ ಒಂದು ಭಾಗ. ಅಂದರೆ ಪ್ರತಿ ಸಲ ಸುಮಾರು ನಾಲ್ಕು ಪಟ್ಟು ಬೆಳಕು. ಮೂರನೆಯದರಲ್ಲಿ ಕಿಟಕಿ ಪೂರ್ತಿ ಬಿಳಿಚಿ ಹೋಯಿತು, ಆದರೆ ಒಬ್ಬ ಅಜ್ಜಿ ಕಂಡರು. ಮಡಿಲಲ್ಲಿ ಮಗು. ಅಜ್ಜಿಯ ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದದ್ದೂ ಕಂಡಿತು.

ಕಿಟಕಿಯೂ ಅಜ್ಜಿಯೂ ಒಂದೇ ಚಿತ್ರದಲ್ಲಿ ಕಾಣಲೆಂದು ಮೂರನ್ನೂ ಕಂಪ್ಯೂಟರಿನಲ್ಲಿ ಸೇರಿಸಿದೆ. ಆದರೆ ಅಜ್ಜಿಯ ಹೆಗಲಿಗೆ ಎರಡೆರಡು ಅಂಚು! ಫೋಕಸ್ ತಪ್ಪಿದೆ ಅಂದುಕೊಂಡು ಒಂದು ದಿನ ಸುಮ್ನೆ ಲೆನ್ಸ್ ತಿರುಗಿಸಿದೆ. ತಪ್ಪು ಅಲ್ಲಿರಲಿಲ್ಲ. ಮೋಟಾರು ಫಿಲ್ಮನ್ನು ಎಳೆದು ನಿಂತ ಮೇಲೂ ಫಿಲ್ಮ್ ಸ್ವಲ್ಪ ಹೊತ್ತು ನಡುಗುತ್ತಿತ್ತು. ಫ್ರೇಮಿನ ಅಗಲವೇ 6 ಮಿಲಿಮೀಟರಿಗಿಂತ ಕಡಿಮೆ, ಅಲ್ವಾ? ಕೂದಲೆಳೆಯಷ್ಟು ಜರುಗಿದರೂ ಅದು ದೊಡ್ಡದೇ. ಮೋಟಾರು ನಿಂತ ಮೇಲೆ ಅರ್ಧ ಸೆಕೆಂಡು ಕಾದು ತೆಗೆದೆ. ಅಂಚು ಒಂದಾಯಿತು. ನೀವೂ ಪರೀಕ್ಷಿಸಿ. ಮೂರೂ ಫೋಟೋಗಳ ಒಂದೇ ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಫಿಲ್ಮಿನ ಮರಳಿನಂಥ ಕಣಗಳು ಮೂರರಲ್ಲೂ ಒಂದೇ ಜಾಗದಲ್ಲಿರಬೇಕು. ಇಲ್ಲದಿದ್ದರೆ ಫಿಲ್ಮ್ ಅಲುಗಿದೆ.

ಇಷ್ಟಾದರೂ ಅಜ್ಜಿಯ ಮುಖದ ಮೇಲೆ ತೆಳು ಮಂಜಿನಂಥ ಪೊರೆ ಉಳಿದಿತ್ತು. ಫಿಲ್ಮಿನ ಪಕ್ಕದ ತೂತಿನಿಂದ ನೇರವಾಗಿ ಬಂದ ದೀಪದ ಬೆಳಕು ಲೆನ್ಸಿನೊಳಗೆ ಚೆಲ್ಲಾಡುತ್ತಿತ್ತು. ಮೂರನೆಯ ಫೋಟೋದಲ್ಲಿ ಆ ಬೆಳಕೂ ಹದಿನಾರು ಪಟ್ಟಾಗುತ್ತದಲ್ಲ! ಫ್ರೇಮಿನಷ್ಟೇ ಕಿಂಡಿ ಕೊಯ್ದ ಕಪ್ಪು ಕಾಗದವನ್ನು, ಫಿಲ್ಮನ್ನು ಹಿಡಿದಿಡುವ ಗೇಟಿನ ಹಿಂದೆ, ದೀಪದ ಕಡೆಗೆ, ಫಿಲ್ಮಿಗೆ ತಾಗದಂತೆ ಅಂಟಿಸಿದೆ. ಪೊರೆ ಹೋಯಿತು, ಅಜ್ಜಿಯ ಹುಬ್ಬು ಸ್ಪಷ್ಟವಾಯಿತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳ್ತೀನಿ. ಪ್ರೊಜೆಕ್ಟರಿನ ಹಳೆಯ ಬಲ್ಬು ಬೇಡವೇ ಬೇಡ. ನಿಂತ ಫಿಲ್ಮನ್ನು ಅದು ಸುಟ್ಟುಬಿಡುತ್ತದೆ. ಮಿಣುಕದ ಎಲ್‌ಇಡಿ ಹಾಕಿ. ಬೆಳಕು ಸಾಲದೆಂದು ದೀಪ ಜಾಸ್ತಿ ಮಾಡಿದರೆ ಬಣ್ಣ ಜರುಗಬಹುದು, ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ತೆರೆದರೆ ಅಂಚುಗಳು ಮಸುಕಾಗುತ್ತವೆ. ಅದಕ್ಕೇ ಮತ್ತೆ ಮತ್ತೆ ಹೇಳುವುದು, ಶಟರಿನ ಸಮಯವನ್ನಷ್ಟೇ ಬದಲಿಸಿ. ಮೂರರಂತೆ ತೆಗೆದರೆ ಒಂದು ರೀಲಿಗೆ 10,800 ಫೋಟೋ. ಆದ್ದರಿಂದ ಎಲೆಕ್ಟ್ರಾನಿಕ್ ಶಟರ್ ಬಳಸಿ, ಇಲ್ಲದಿದ್ದರೆ ಕ್ಯಾಮೆರಾದ ಶಟರ್ ಬೇಗ ಸವೆಯುತ್ತದೆ. ಬಿಸಿಲಿನ ದೃಶ್ಯಕ್ಕೆ ಒಂದೇ ಫೋಟೋ ಸಾಕು.

ಕೊನೆಯದಾಗಿ, ದಯವಿಟ್ಟು ಕ್ಯಾಮೆರಾದ ಎಲ್ಲ ಆಟೋ ಸೆಟ್ಟಿಂಗುಗಳನ್ನೂ ಆಫ್ ಮಾಡಿ. ಒಂದು ದೃಶ್ಯ ಮುಗಿಯುವವರೆಗೆ ಅದೇ ಮೂರು ಸಮಯಗಳು. ಮೂರನ್ನು ಸೇರಿಸುವ ಲೆಕ್ಕವೂ ಆ ದೃಶ್ಯಕ್ಕೆಲ್ಲ ಒಂದೇ ಇರಲಿ. ಫ್ರೇಮಿಗೊಂದು ಲೆಕ್ಕ ಹಾಕಿದರೆ, ಓಡಿಸಿ ನೋಡುವಾಗ ಕಿಟಕಿ ಕಣ್ಣು ಮಿಟುಕಿಸಿದಂತೆ ಕಾಣುತ್ತದೆ. ನಮಸ್ಕಾರ.