ಮನೆ ಓವನ್‌ನಲ್ಲಿ ತಂದೂರಿ ಚಿಕನ್: ಅಂಚು ಕಪ್ಪಾಗಬೇಕು, ಒಳಗೆ ಒಣಗಬಾರದು

ನಮಸ್ಕಾರ ಎಲ್ಲರಿಗೂ. ಇಲ್ಲಿ ಕಾಣುತ್ತಿರೋದು ನಾಲ್ಕು ಲೆಗ್ ಪೀಸ್, ಚರ್ಮ ತೆಗೆದಿದ್ದು, ಎಲ್ಲಾ ಸೇರಿ ಒಂದು ಕೆಜಿ. ಚಿಕನ್ ಅಂಗಡಿಯಲ್ಲಿ "ಅಣ್ಣಾ, ತೊಡೆ ಕಾಲು ಸೇರಿ ಪೂರ್ತಿ ಇರಲಿ" ಅಂತ ಮೊದಲೇ ಹೇಳಿಬಿಡಿ. ಅವರ ಕತ್ತಿ ಒಂದು ಸಲ ಶುರುವಾದರೆ ಮುಗೀತು, ಸಾರಿನ ತುಂಡೇ ಮನೆಗೆ ಬರೋದು. ಸಣ್ಣ ತುಂಡು ಇದಕ್ಕೆ ಆಗೋದಿಲ್ಲ. ಅಂಚು ಕಪ್ಪಾಗೋ ಹೊತ್ತಿಗೆ ಒಳಗಿನ ಮಾಂಸ ಒಣಗಿ ನಾರಾಗಿರುತ್ತದೆ.

ಸೀಳು ಹಾಕುವಾಗ ನನ್ನ ಚಾಕು ನೋಡಿ, ನೇರ ಇಲ್ಲ, ಓರೆಯಾಗಿದೆ. ಒಂದೊಂದು ಕಾಲಿಗೆ ಮೂರ್ನಾಲ್ಕು ಸೀಳು, ಮೂಳೆ ತಾಗುವವರೆಗೆ. ಓರೆ ಸೀಳಿನ ತುದಿ ಬಿಸಿ ತಾಗಿದ ಕೂಡಲೇ ಮೇಲಕ್ಕೆ ಏಳುತ್ತದೆ. ಆ ಎದ್ದ ತುದಿಯೇ ಮೊದಲು ಒಣಗಿ ಕಪ್ಪಾಗೋದು. ಹೋಟೆಲ್ ತಂದೂರಿಯಲ್ಲಿ ನಾವು ಇಷ್ಟಪಡುವ ಕರಿ ಅಂಚು ಅದೇ.

ಮೊದಲ ಮಸಾಲೆಗೆ ಮೊಸರು ಇಲ್ಲ. ಒಂದೂವರೆ ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ, ಎರಡು ಚಮಚ ಮೆಣಸಿನ ಪುಡಿ. ಸೀಳಿನ ಒಳಗೆ ಬೆರಳು ಹಾಕಿ ಉಜ್ಜಬೇಕು. ಅರ್ಧ ಗಂಟೆ ಸಾಕು. ಎಲ್ಲರೂ ಕಾಶ್ಮೀರಿ ಮೆಣಸಿನ ಪುಡಿ ಅಂತಾರೆ, ನಾನು ಬ್ಯಾಡಗಿ ಹಾಕುತ್ತೇನೆ. ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮದೇ ಊರ ಕಡೆ ಇಷ್ಟು ಒಳ್ಳೆಯ ಮೆಣಸಿನಕಾಯಿ ಇರುವಾಗ ಡಬ್ಬಿಯ ಕೆಂಪು ಬಣ್ಣ ಯಾಕೆ ಬೇಕು? 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕೋದನ್ನೇ ನಿಷೇಧಿಸಿತು. ನನಗೆ ತುಂಬಾ ಖುಷಿಯಾಯ್ತು. ಚಿಕ್ಕ ಮಕ್ಕಳ ಕೈಯೆಲ್ಲಾ ಕೆಂಪಾಗಿ ಎರಡು ದಿನ ಹೋಗದೇ ಇರೋದನ್ನು ಎಷ್ಟು ಮದುವೆ ಮನೆಗಳಲ್ಲಿ ನೋಡಿದ್ದೀವಿ ಅಲ್ವಾ? ಇದರ ಬಗ್ಗೆ ಇನ್ನೂ ಮಾತಾಡಬಹುದು, ಆದರೆ ಶಾಟ್ ಮೊಸರಿಗೆ ಬಂದುಬಿಟ್ಟಿದೆ.

ಈ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ನಾಲ್ಕು ಗಂಟೆ ಫ್ರಿಜ್‌ನಲ್ಲಿ ಇಟ್ಟಿದ್ದೆ. ಕೆಳಗಿನ ಬಟ್ಟಲಲ್ಲಿ ಇಳಿದಿರೋ ನೀರು ನೋಡಿ. ಬಸಿಯದೇ ಹಾಕಿದ್ದರೆ ಇಷ್ಟೂ ನೀರು ಚಿಕನ್ ಮೇಲೆ ಇರುತ್ತಿತ್ತು. ನೀರು ಇರುವವರೆಗೆ ಆ ಜಾಗದ ಬಿಸಿ 100 ಡಿಗ್ರಿ ದಾಟೋದಿಲ್ಲ. ಓವನ್ 250ರಲ್ಲಿ ಉರೀತಾ ಇರುತ್ತೆ, ಚಿಕನ್‌ನ ಹೊರಮೈ ಮಾತ್ರ ಬೇಯುತ್ತಾ ಕೂತಿರುತ್ತೆ, ಸುಡೋದಿಲ್ಲ. ಕೊನೆಗೆ ಟ್ರೇ ತುಂಬಾ ಒಡೆದ ಮೊಸರಿನ ಗ್ರೇವಿ. ಹಾಗಾಗಿ ಮಸಾಲೆ ಬೆರಳಿನಿಂದ ಜಾರಬಾರದು, ಅಂಟಿಕೊಂಡು ನಿಲ್ಲಬೇಕು.

ಮುಕ್ಕಾಲು ಕಪ್ ಗಟ್ಟಿ ಮೊಸರು, ಎರಡು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಎರಡು ದೊಡ್ಡ ಚಮಚ ಸಾಸಿವೆ ಎಣ್ಣೆ, ಹುರಿದ ಕಡಲೆಹಿಟ್ಟು ಒಂದು ಚಮಚ, ಗರಂ ಮಸಾಲ, ಸ್ವಲ್ಪ ಕಸೂರಿ ಮೇಥಿ. ಬೆಳ್ಳುಳ್ಳಿ ನುಣ್ಣಗೆ ಆಗಿರಲಿ. ತರಿ ಉಳಿದರೆ ಚಿಕನ್ ಬೇಯುವ ಮೊದಲೇ ಅದು ಸೀದು ಕಹಿಯಾಗುತ್ತದೆ. ಇದನ್ನು ಆರು ಗಂಟೆ ಫ್ರಿಜ್‌ನಲ್ಲಿ ಇಡುತ್ತೇನೆ, ರಾತ್ರಿಯಿಡೀ ಆದರೂ ಪರವಾಗಿಲ್ಲ. ಎರಡು ದಿನ ಮಾತ್ರ ಬೇಡ, ಹುಳಿಗೆ ಮೇಲಿನ ಮಾಂಸ ಮೆತ್ತಗೆ ಹಿಟ್ಟಿನ ಹಾಗೆ ಆಗುತ್ತದೆ.

ಈಗ ಓವನ್. ಇದು ಮಾಮೂಲಿ ಓಟಿಜಿ, 250 ಡಿಗ್ರಿಯೇ ಕೊನೆ. ನಿಜವಾದ ತಂದೂರಿನ ಗೋಡೆ 400 ಡಿಗ್ರಿ ದಾಟುತ್ತದೆ. ಕೆಳಗೆ ಕೆಂಡ, ಸುತ್ತ ಕಾದ ಮಣ್ಣು, ಎಲ್ಲಾ ಕಡೆಯಿಂದ ಝಳ. ನಮ್ಮಲ್ಲಿ ಹಾಗೆ ಝಳ ಹೊಡೆಯೋದು ಕೆಂಪಗೆ ಕಾದ ರಾಡ್ ಒಂದೇ. ಆದ್ದರಿಂದ ಕೆಲಸವನ್ನು ಎರಡು ಭಾಗ ಮಾಡುತ್ತೇನೆ, ಮೊದಲು ಬೇಯಿಸೋದು, ಆಮೇಲೆ ಸುಡೋದು. ಬೇಯಿಸುವಾಗ ಮೇಲೆ ಕೆಳಗೆ ಎರಡೂ ರಾಡ್, 250, ಚಿಕನ್ ನಡುವಿನ ಖಾನೆಯ ಜಾಲರಿ ಮೇಲೆ. ನೇರ ಟ್ರೇನಲ್ಲಿ ಇಡಬೇಡಿ, ಇಳಿದ ರಸದಲ್ಲೇ ಅಡಿಭಾಗ ನೆನೆಯುತ್ತದೆ. ಟ್ರೇಗೆ ಫಾಯಿಲ್ ಹಾಸಿ ಕೆಳಗಿನ ಖಾನೆಯಲ್ಲಿಡಿ. 12 ನಿಮಿಷ ಒಂದು ಬದಿ, 12 ನಿಮಿಷ ಇನ್ನೊಂದು ಬದಿ. ಇಡೋ ಮೊದಲು ಜಾಸ್ತಿ ಮಸಾಲೆಯನ್ನು ಬೆರಳಿನಿಂದ ಒರೆಸಿ ತೆಗೀರಿ, ದಪ್ಪ ಪದರ ಇದ್ದರೆ ಅದೇ ಬೇಯುತ್ತಾ ಇರುತ್ತದೆ.

ಈಗ ನನಗೆ ಸಿಕ್ಕಾಪಟ್ಟೆ ಸಿಟ್ಟು ಬರಿಸೋ ವಿಷಯ. ಈ ಶಾಟ್ ಉದ್ದ ಇದೆ, ನೋಡ್ತಾ ಇರಿ. ಮೇಲಿನ ರಾಡ್ ಮಾತ್ರ ಆನ್ ಮಾಡಿ, ಜಾಲರಿಯನ್ನು ಮೇಲಿನ ಖಾನೆಗೆ ಏರಿಸಿದ್ದೇನೆ. ರಾಡ್‌ಗೂ ಚಿಕನ್‌ಗೂ ಮೂರು ಬೆರಳು ಅಂತರ. ರಾಡ್ ಕೆಂಪಾಯ್ತು. ಸೀಳಿನ ತುದಿ ಚಿಟಿಚಿಟಿ ಅನ್ನೋಕೆ ಶುರು. ಅಷ್ಟರಲ್ಲಿ ಟಕ್ ಅಂತ ಸದ್ದು. ರಾಡ್ ಕಪ್ಪಾಯ್ತು. ನೋಡಿದ್ರಾ? ಓವನ್ ಹಾಳಾಗಿಲ್ಲ. ಒಳಗಿನ ಗಾಳಿ 250 ಮುಟ್ಟಿತು, ಥರ್ಮೋಸ್ಟಾಟ್ ರಾಡನ್ನು ನಿಲ್ಲಿಸಿತು. ಅದಕ್ಕೆ ಗೊತ್ತಿರೋದು ಗಾಳಿಯ ಬಿಸಿ ಒಂದೇ. ನನಗೆ ಬೇಕಿರೋದು ರಾಡಿನ ಕೆಂಪು. ಸುಡಬೇಕಾದ ನಾಲ್ಕು ನಿಮಿಷದಲ್ಲೇ ಅದು ಆರಿ ಕೂತರೆ ಚಿಕನ್ ಸುಮ್ನೆ ಬಿಸಿಗಾಳಿಯಲ್ಲಿ ಒಣಗುತ್ತದೆ. ಅಂಚು ಕಂದು ಬಣ್ಣಕ್ಕೇ ನಿಂತುಬಿಡುತ್ತದೆ. ರೆಸಿಪಿಗಳಲ್ಲಿ "ಐದು ನಿಮಿಷ ಗ್ರಿಲ್ ಮಾಡಿ" ಅಂತ ಬರೆದು ಮುಗಿಸುತ್ತಾರೆ. ಆ ಐದು ನಿಮಿಷದಲ್ಲಿ ರಾಡ್ ಎಷ್ಟು ಹೊತ್ತು ಕೆಂಪಾಗಿತ್ತು ಅಂತ ಯಾರೂ ಹೇಳೋದಿಲ್ಲ. ಕೆಲವರ ಓವನ್ ಚೆನ್ನಾಗಿ ಸುಡುತ್ತೆ, ಕೆಲವರದ್ದು ಸುಡಲ್ಲ ಅನ್ನೋದಕ್ಕೆ ಎಷ್ಟೋ ಸಲ ಕಾರಣ ಇದೇ.

ಉಪಾಯ ಇದೆ. ಬೇಯಿಸೋದು ಮುಗಿದ ಮೇಲೆ ಚಿಕನ್ ಹೊರಗೆ ತೆಗೆದು, ಬಾಗಿಲನ್ನು ಒಂದು ನಿಮಿಷ ಪೂರ್ತಿ ತೆರೆದಿಡಿ. ಒಳಗಿನ ಗಾಳಿ ತಣಿಯಲಿ. ಅಷ್ಟರಲ್ಲಿ ಎಣ್ಣೆ ಸವರಿ, ಟ್ರೇಯ ಫಾಯಿಲ್ ಬದಲಿಸಿ. ಹಳೆಯ ಎಣ್ಣೆ ಇದ್ದರೆ ಮನೆ ತುಂಬಾ ಹೊಗೆ. ಹಸಿ ಚಿಕನ್ ಇದ್ದ ಬಟ್ಟಲಿನ ಮಸಾಲೆಯನ್ನು ಮಾತ್ರ ಈಗ ಸವರಬೇಡಿ. ಮತ್ತೆ ಬಾಗಿಲು ಹಾಕಿದರೆ ರಾಡ್ ಕೂಡಲೇ ಹತ್ತುತ್ತದೆ, ಸಾಕಷ್ಟು ಹೊತ್ತು ಕೆಂಪಾಗೇ ಇರುತ್ತದೆ. ಚಿಕನ್ ಒಳಗಿಡಿ. ಪುನಃ ಟಕ್ ಅಂದರೆ ಪುನಃ ಬಾಗಿಲು ತೆರೀರಿ. ಈಗ ಜಾಗ ಬಿಟ್ಟು ಹೋಗಬೇಡಿ, ಕಂದಿನಿಂದ ಕಪ್ಪಾಗೋಕೆ ಅರ್ಧ ನಿಮಿಷ ಸಾಕು.

ಎಲ್ಲಿ ನಿಲ್ಲಿಸಬೇಕು? ಎದ್ದ ತುದಿ ಕಪ್ಪು, ಪಕ್ಕದಲ್ಲಿ ಕಡು ಕೆಂಪು, ಉಳಿದದ್ದು ಕಿತ್ತಳೆ. ಹೀಗಿದ್ದರೆ ಸರಿ. ಇಡೀ ಮೈ ಕಪ್ಪಾದರೆ ಅದು ಸೀದದ್ದು, ಮೂಗಿಗೂ ಗೊತ್ತಾಗುತ್ತದೆ, ಕಣ್ಣು ಉರಿಯೋ ಘಾಟು. ಥರ್ಮಾಮೀಟರ್ ಇದ್ದರೆ ತೊಡೆಯ ದಪ್ಪ ಭಾಗಕ್ಕೆ ಚುಚ್ಚಿ, ಮೂಳೆ ತಾಗಿಸಬೇಡಿ. 74 ಡಿಗ್ರಿಗೆ ಬೆಂದಿರುತ್ತದೆ, ಆದರೆ ಕಾಲಿನ ಮಾಂಸ 80 ದಾಟಿದರೇನೇ ಮೂಳೆಯಿಂದ ಸಲೀಸಾಗಿ ಬಿಡೋದು. ಅಷ್ಟು ಬಿಸಿ ಮುಟ್ಟಿದ ಮೇಲೂ ಮೂಳೆ ಪಕ್ಕ ಸ್ವಲ್ಪ ಕೆಂಪು ಕಂಡರೆ ಹೆದರಬೇಡಿ, ಎಳೆ ಕೋಳಿಯ ಮೂಳೆಯೊಳಗಿನ ಬಣ್ಣ ಅದು.

ಕೆಂಡದ ಮೇಲೆ ತುಪ್ಪ ಹಾಕಿ ಹೊಗೆ ಕೊಡೋದು ಬೇಕಿಲ್ಲ, ಕರಿ ಅಂಚೇ ಸಾಕು ಅಂತ ಹೇಳಬೇಕು ಅಂದುಕೊಂಡಿದ್ದೆ. ಆದರೆ ಅಕ್ಕ ಒಂದು ತುಂಡನ್ನು ಮುಚ್ಚಿದ ಪಾತ್ರೆಯಲ್ಲಿ ಎರಡು ನಿಮಿಷ ಹೊಗೆಗೆ ಇಟ್ಟಳು. "ತಿಂದು ನೋಡೇ" ಅಂದಳು. ಸರಿ, ಹೊಗೆ ಇದ್ದದ್ದೇ ರುಚಿ. ಎರಡೇ ನಿಮಿಷ, ಅದಕ್ಕಿಂತ ಜಾಸ್ತಿ ಆದರೆ ಇದ್ದಿಲಿನ ಕಹಿ. ಮಿಕ್ಕಿದ್ದನ್ನು ನಾಳೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ಅಂಚು ಮೆತ್ತಗಾಗುತ್ತದೆ. ಕಾದ ತವಾ ಮೇಲೆ ಸೀಳಿನ ಬದಿ ಕೆಳಗೆ ಮಾಡಿ ಬಿಸಿ ಮಾಡಿ. ಸರಿ, ನಿಂಬೆಹಣ್ಣು ಹಿಂಡ್ತಾ ಇದ್ದೀನಿ, ತಿನ್ನೋಣ.